ಎರಡು ದಿನ ತಡವಾಗಿ ಕಟ್ಟಿದ್ದಕ್ಕೆ ಆರು ಸಾವಿರ: ಕಾರ್ಡಿನ ಬಡ್ಡಿರಹಿತ ಅವಧಿಯನ್ನು ವಾಪಸ್ ಪಡೆದ ನನ್ನ ಅನುಭವ

ಗದಗ-ಬೆಟಗೇರಿಯಲ್ಲಿ ನಮ್ಮದು ಸಣ್ಣ ಪ್ರಿಂಟಿಂಗ್ ಪ್ರೆಸ್ಸು. ಲಗ್ನಪತ್ರಿಕೆ, ಬಿಲ್ ಬುಕ್ಕು, ಶಾಲೆಯವರ ಕೆಲಸ. ಪೇಪರ್ ಮತ್ತು ಪ್ಲೇಟು ಹುಬ್ಬಳ್ಳಿಯಿಂದ ಬರುತ್ತವೆ. ಅವರಿಗೆ ಕೂಡಲೇ ದುಡ್ಡು ಬೇಕು. ನಮ್ಮ ಗಿರಾಕಿಗಳು ಕೊಡುವುದು ತಿಂಗಳೊಪ್ಪತ್ತಿನ ಮೇಲೆ. ಈ ನಡುವಿನ ಅಂತರ ತುಂಬಿಸಲು ಕ್ರೆಡಿಟ್ ಕಾರ್ಡ್ ಬಳಸುತ್ತೇವೆ ಎಂದರೆ ಬಜಾರಿನಲ್ಲಿ ಎಲ್ಲರೂ ನಗುತ್ತಿದ್ದರು. ಅಣ್ಣನಂತೂ ಕತ್ತರಿ ಹಿಡಿದು ಕೂತಿದ್ದ. ಈಗ ಒಂದೂವರೆ ವರ್ಷದಿಂದ ಬಡ್ಡಿಯ ಸಾಲಿನಲ್ಲಿ ಸೊನ್ನೆ ಬರುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಬಿಲ್ಲು ಯಾವಾಗ ಆಗುತ್ತದೆ, ಡ್ಯೂ ಡೇಟ್ ಯಾವಾಗ ಎಂಬುದು ನಿಮಗೆ ಗೊತ್ತೇ ಇರುತ್ತದೆ. ನಮ್ಮ ಕಾರ್ಡಿನಲ್ಲಿ ತಿಂಗಳ 12ಕ್ಕೆ ಸ್ಟೇಟ್‌ಮೆಂಟ್, ಅಲ್ಲಿಂದ ಇಪ್ಪತ್ತು ದಿನಕ್ಕೆ ಡ್ಯೂ. 13ನೇ ತಾರೀಖು ಖರೀದಿ ಮಾಡಿದರೆ ಹೆಚ್ಚೂಕಡಿಮೆ ಐವತ್ತು ದಿನ ಬಡ್ಡಿ ಇಲ್ಲದೆ ದುಡ್ಡು ಕೈಯಲ್ಲಿ. 12ರಂದೇ ಮಾಡಿದರೆ ಬರೀ ಇಪ್ಪತ್ತು ದಿನ. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಡ್ಯೂ ಡೇಟ್ ದಾಟಿದ ಮೇಲೆ ಏನಾಗುತ್ತದೆ ಎಂಬುದು.

ಆಗ ಬಿಲ್ ಕಟ್ಟುವ ಕೆಲಸ ಅಣ್ಣನ ಕೈಯಲ್ಲಿತ್ತು. "ಮೂರು ದಿನ ರಿಯಾಯಿತಿ ಐತಿ ಬಿಡೋ ತಮ್ಮಾ, ಲೇಟ್ ಫೀ ಬೀಳಂಗಿಲ್ಲ" ಅನ್ನುತ್ತಿದ್ದ. ಅವನ ಮಾತು ಅರ್ಧ ನಿಜ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ಡ್ಯೂ ಡೇಟ್ ಕಳೆದು ಮೂರು ದಿನಕ್ಕಿಂತ ಜಾಸ್ತಿ ಆದರೆ ಮಾತ್ರ ಲೇಟ್ ಫೀ ಹಾಕಬಹುದು, ಸಿಬಿಲ್‌ನಂಥ ಕಡೆ ಬಾಕಿ ಎಂದು ತಿಳಿಸಬಹುದು. ಆದರೆ ಆ ಮೂರು ದಿನ ಇರುವುದು ಲೇಟ್ ಫೀಗೆ. ಬಡ್ಡಿಗೆ ಅಲ್ಲ. ಡ್ಯೂ ಡೇಟಿನೊಳಗೆ ಪೂರ್ತಿ ಬಿಲ್ ಕಟ್ಟದಿದ್ದರೆ ಬಡ್ಡಿರಹಿತ ಅವಧಿ ಸಿಕ್ಕೇ ಇರಲಿಲ್ಲ ಎಂಬಂತೆ ಲೆಕ್ಕ ಹಾಕುತ್ತಾರೆ. ಬಡ್ಡಿ ಶುರುವಾಗುವುದು ಡ್ಯೂ ಡೇಟಿನಿಂದ ಅಲ್ಲ, ಪೇಪರ್ ಕೊಂಡ ದಿನದಿಂದ.

ನಮಗಾದದ್ದನ್ನೇ ಹೇಳುತ್ತೇನೆ. ಅಂಕಿ ನೆನಪಿನಿಂದ, ಹತ್ತಿಪ್ಪತ್ತು ರೂಪಾಯಿ ಆಚೀಚೆ ಇರಬಹುದು. ಮೇ 15ಕ್ಕೆ 60,000 ರೂಪಾಯಿಯ ಮ್ಯಾಪ್ಲಿಥೋ ಮತ್ತು ಆರ್ಟ್ ಪೇಪರ್ ಬಂತು. ಶಾಲೆ ಶುರುವಾಗುವ ಸೀಸನ್ ಅಲ್ವಾ. ಜೂನ್ 5ಕ್ಕೆ ಇನ್ನೊಂದು 20,000. ಜೂನ್ 12ಕ್ಕೆ 80,000ದ ಬಿಲ್ಲು ಆಯಿತು, ಜುಲೈ 2 ಡ್ಯೂ. ಶಾಲೆಯವರ ಚೆಕ್ ಪಾಸಾಗಲಿ ಎಂದು ಕಾದು, ಅಣ್ಣ ಜುಲೈ 4ಕ್ಕೆ ಪೂರ್ತಿ 80,000 ಕಟ್ಟಿದ. ಎರಡೇ ದಿನ ತಡ. ಲೇಟ್ ಫೀ ಬೀಳಲಿಲ್ಲ, ಅವನು ಖುಷಿಯಾದ.

ಜುಲೈ 12ರ ಸ್ಟೇಟ್‌ಮೆಂಟ್ ಬಂದಾಗ ಖುಷಿ ಇಳಿಯಿತು. ನಮ್ಮ ಕಾರ್ಡಿನ ಬಡ್ಡಿ ತಿಂಗಳಿಗೆ ಮೂರೂವರೆ ಪರ್ಸೆಂಟ್, ವರ್ಷಕ್ಕೆ 42. ಅವರ ಲೆಕ್ಕ ಹೀಗೆ:

```
ಬಡ್ಡಿ = ಮೊತ್ತ × ದಿನ × 42 ÷ 365 ÷ 100
60,000 × 50 ದಿನ (ಮೇ 15 – ಜುಲೈ 4)   = 3,452
20,000 × 29 ದಿನ (ಜೂನ್ 5 – ಜುಲೈ 4)  = 667
30,000 × 24 ದಿನ (ಜೂನ್ 18 – ಜುಲೈ 12) = 828
```

ಮೂರನೇ ಸಾಲು ನೋಡಿ ಅಣ್ಣ ಬ್ಯಾಂಕಿನವರಿಗೆ ಫೋನ್ ಮಾಡಿ ಜಗಳ ಶುರು ಮಾಡಿದ. ಆ 30,000 ಜೂನ್ 18ರಂದು ಕೊಂಡ ಪ್ಲೇಟು ಮತ್ತು ಇಂಕು. ಅದರ ಬಿಲ್ಲೇ ಆಗ ಇನ್ನೂ ಆಗಿರಲಿಲ್ಲ. ತಡವಾದದ್ದು ಹಿಂದಿನ ಬಿಲ್ಲು, ಇದಕ್ಕೆ ಯಾಕೆ ಬಡ್ಡಿ ಎಂದು ಅವನ ವಾದ. ಆದರೆ ನಿಯಮ ಇರುವುದೇ ಹಾಗೆ. ಹಿಂದಿನ ಬಾಕಿ ಉಳಿದಿದ್ದರೆ ಹೊಸ ಖರೀದಿಗೂ ಬಡ್ಡಿರಹಿತ ಅವಧಿಯ ರಿಯಾಯಿತಿ ಇಲ್ಲ, ಉಜ್ಜಿದ ದಿನದಿಂದಲೇ ಮೀಟರ್ ಓಡುತ್ತದೆ. ಮೂರೂ ಸೇರಿ 4,947, ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಒಟ್ಟು 5,800ರ ಮೇಲೆ. ನಮ್ಮ ಊರಿನಲ್ಲಿ ಕೈಗಡ ಕೊಡುವವರು ನೂರಕ್ಕೆ ಎರಡು ರೂಪಾಯಿ ಬಡ್ಡಿ ಹೇಳಿದರೆ ಬೈಯುತ್ತೇವೆ. ಇಲ್ಲಿ ನೂರಕ್ಕೆ ಮೂರೂವರೆ, ಅದರ ಮೇಲೆ ಟ್ಯಾಕ್ಸು.

ಇದಾದ ಮೇಲೆ ಬಿಲ್ ಕಟ್ಟುವ ಕೆಲಸ ನಾನು ತೆಗೆದುಕೊಂಡೆ. ಈಗ ಬಿಲ್ಲು 35,800 ಚಿಲ್ಲರೆ, ಡ್ಯೂ ಆಗಸ್ಟ್ 1. "ಈ ಸಲ ಬರೋಬ್ಬರಿ ಒಂದನೇ ತಾರೀಖಿಗೆ ಕಟ್ಟಿಬಿಡು, ಮುಗೀತು" ಅಂದ ಅಣ್ಣ. ಕಸ್ಟಮರ್ ಕೇರ್‌ನವರೂ ಅದನ್ನೇ ಹೇಳಿದರು. ಆದರೆ ನನ್ನ ಲೆಕ್ಕ ಬೇರೆ. ಒಮ್ಮೆ ಆ ರಿಯಾಯಿತಿ ಹೋದ ಮೇಲೆ ಬಡ್ಡಿಯ ಮಟ್ಟಿಗೆ ಡ್ಯೂ ಡೇಟಿಗೆ ಅರ್ಥವೇ ಇಲ್ಲ. ಬಡ್ಡಿ ದಿನದ ಲೆಕ್ಕದಲ್ಲಿ ಓಡುತ್ತಿರುವಾಗ ಆಗಸ್ಟ್ 1ರ ತನಕ ಕಾಯುವುದು ಯಾಕೆ? ಆ 30,000ದ ಮೇಲೆ ಇಪ್ಪತ್ತು ದಿನಕ್ಕೆ 690, ಟ್ಯಾಕ್ಸ್ ಸೇರಿ 800ರ ಮೇಲೆ ಮುಂದಿನ ಬಿಲ್ಲಿನಲ್ಲಿ ಬಂದು ಕೂರುತ್ತದೆ. ಬಿಲ್ ಪೂರ್ತಿ ಕಟ್ಟಿದರೂ ಬಾಲದ ಹಾಗೆ ಬರುವ ಬಡ್ಡಿ ಇದೇ. ಬಹಳ ಜನ ಇದನ್ನು ನೋಡಿ ಮೋಸ ಎಂದು ಸಿಟ್ಟಾಗುತ್ತಾರೆ.

ಜುಲೈ 14ಕ್ಕೆ ಪಿಗ್ಮಿ ದುಡ್ಡು ತೆಗೆದು ಪೂರ್ತಿ ಕಟ್ಟಿದೆ. "ಹದಿನೆಂಟು ದಿನ ಟೈಮ್ ಇದ್ದಾಗ ಪಿಗ್ಮಿ ಯಾರು ಮುರೀತಾರಪಾ" ಎಂದು ಪೇಪರ್ ಅಂಗಡಿಯವರೂ ನಕ್ಕರು. ನಕ್ಕರೆ ನಗಲಿ. ಆ್ಯಪಿನಲ್ಲಿ ಬಿಲ್ಲಿನ ಮೊತ್ತ ಒಂದು ಇರುತ್ತದೆ, ಇವತ್ತಿನವರೆಗಿನ ಒಟ್ಟು ಬಾಕಿ ಇನ್ನೊಂದು. ರಿಯಾಯಿತಿ ಹೋಗಿದ್ದಾಗ ನೋಡಬೇಕಾದ್ದು ಎರಡನೆಯದನ್ನು. ಅದು ಸೊನ್ನೆ ಆಗುವ ತನಕ ಕಟ್ಟಬೇಕು. ಬಿಲ್ ಆಗದ ಖರೀದಿಯೂ ಅದರಲ್ಲಿ ಬರುತ್ತದೆ. ಅಣ್ಣ ಜುಲೈ 4ಕ್ಕೆ 80,000ದ ಜೊತೆ ಆ 30,000ವನ್ನೂ ಕಟ್ಟಿದ್ದರೆ ಬಡ್ಡಿಯ ಬಾಲ ಅಲ್ಲಿಗೇ ತುಂಡಾಗುತ್ತಿತ್ತು. ಅಷ್ಟು ದುಡ್ಡು ಅವತ್ತು ಇರಲಿಲ್ಲ, ಆ ಮಾತು ಬೇರೆ.

ಎರಡನೇ ಕೆಲಸ, ಕಾರ್ಡನ್ನು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕಿದೆ. ಒಂದು ರೂಪಾಯಿಯೂ ಉಜ್ಜಲಿಲ್ಲ. ಎರಡು ರೀಮು ಪೇಪರಿಗೂ ಕ್ಯಾಶ್ ಕೊಟ್ಟೆ. ಆಗಸ್ಟ್ 12ರ ಬಿಲ್ಲಿನಲ್ಲಿ 80 ರೂಪಾಯಿ ಬಂತು, ಎರಡು ದಿನದ ಬಾಲ. 800ರ ಜಾಗದಲ್ಲಿ 80. ಅವತ್ತೇ ಸಂಜೆ ಅದನ್ನೂ ಕಟ್ಟಿದೆ. ಸಣ್ಣ ಮೊತ್ತ ಎಂದು ಬಿಟ್ಟರೆ ಅದೂ ಬಾಕಿಯೇ, ಮತ್ತೆ ಮೊದಲಿನಿಂದ ಶುರು. ಸೆಪ್ಟೆಂಬರ್ 12ರ ಸ್ಟೇಟ್‌ಮೆಂಟಿನಲ್ಲಿ ಫೈನಾನ್ಸ್ ಚಾರ್ಜಸ್ ಎಂಬ ಸಾಲು ಸೊನ್ನೆ. ಆ ಸಾಲು ಸೊನ್ನೆ ಆಯಿತೆಂದರೆ ರಿಯಾಯಿತಿ ವಾಪಸ್ ಬಂದಂತೆ. ಕೆಲವು ಬ್ಯಾಂಕಿನವರು ಒಂದು ಪೂರ್ತಿ ಬಿಲ್ ಕಟ್ಟಿದ ಕೂಡಲೇ ಕೊಡುತ್ತಾರೆ, ಕೆಲವರು ಕೊಡುವುದಿಲ್ಲ. ನಾನು ಆ ಸಾಲು ನೋಡದೆ ಕಾರ್ಡ್ ಹೊರಗೆ ತೆಗೆಯಲಿಲ್ಲ.

ನಡುವೆ ಇನ್ನೊಂದು ಪ್ರಯೋಗ ನಡೆದದ್ದು ನಮ್ಮ ಸೋದರಳಿಯನ ಕಾರ್ಡಿನಲ್ಲಿ. ಅವನು 40,000ದ ಬಿಲ್ಲಿಗೆ ಮಿನಿಮಮ್ ಡ್ಯೂ 2,000 ಮಾತ್ರ ಕಟ್ಟಿದ. ಲೇಟ್ ಫೀ ಬರಲಿಲ್ಲ, ಸಿಬಿಲ್ ಕೆಡಲಿಲ್ಲ. ಬಡ್ಡಿ ಮಾತ್ರ ಪೂರ್ತಿ 40,000ಕ್ಕೆ ಖರೀದಿ ದಿನದಿಂದ ಬಿತ್ತು. 2,000 ಕಟ್ಟಿದ್ದು ಲೆಕ್ಕಕ್ಕೆ ಬಂದದ್ದು ಕಟ್ಟಿದ ದಿನದಿಂದ ಮುಂದಕ್ಕೆ. ಅವನೇ ಒಮ್ಮೆ ಎಟಿಎಮ್ಮಿನಲ್ಲಿ ಕಾರ್ಡ್ ಹಾಕಿ ಕ್ಯಾಶ್ ತೆಗೆದ. ಕ್ಯಾಶಿಗೆ ಬಡ್ಡಿರಹಿತ ದಿನ ಒಂದೂ ಇಲ್ಲ, ಮೇಲೆ ಫೀ ಬೇರೆ. ಅಲ್ಲಿಗೆ ಅವನ ಪ್ರಯೋಗ ನಿಲ್ಲಿಸಿದೆವು.

ಈಗ ನಮ್ಮ ಪದ್ಧತಿ. ಮೊದಲು ಡ್ಯೂ ಡೇಟನ್ನೇ ಸರಿಸಿದೆ. ನಮ್ಮ ವಸೂಲಿ ಬರುವುದು ತಿಂಗಳ 5ರಿಂದ 10ರೊಳಗೆ, ಡ್ಯೂ ಇದ್ದದ್ದು 1 ಅಥವಾ 2ಕ್ಕೆ. ಜಗಳದ ಮೂಲ ಅದೇ. ಬಿಲ್ಲಿಂಗ್ ಸೈಕಲ್ ಒಮ್ಮೆಯಾದರೂ ಬದಲಿಸಿಕೊಳ್ಳುವ ಅವಕಾಶ ಕೊಡಲೇಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮ ಇದೆ. ಕೇಳಿದೆ, ಸ್ಟೇಟ್‌ಮೆಂಟ್ 22ಕ್ಕೆ ಹೋಯಿತು, ಡ್ಯೂ 12ರ ಸುಮಾರಿಗೆ ಬಂತು. ಬದಲಾಗುವ ತಿಂಗಳಿನ ಬಿಲ್ಲಿನ ದಿನಗಳು ಏರುಪೇರಾಗುತ್ತವೆ, ಆ ತಿಂಗಳು ಡ್ಯೂ ಡೇಟನ್ನು ಬಿಲ್ಲಿನಲ್ಲೇ ಓದಿ. ಎರಡನೇ ಕಾರ್ಡು 7ಕ್ಕೆ ಸ್ಟೇಟ್‌ಮೆಂಟ್ ಆಗುವಂಥದ್ದು. 7 ದಾಟಿದ ಮೇಲಿನ ವಾರ ಅದರಲ್ಲಿ, ಕೊನೆಯ ವಾರ ಇದರಲ್ಲಿ. ನಡುವಿನ ದಿನಗಳಲ್ಲಿ ಯಾವುದು ಎಂದು ನಾನು ಹೇಗೆ ಆರಿಸುತ್ತೇನೆ ಎಂಬುದು ನನ್ನ ಹತ್ತಿರವೇ ಇರಲಿ.

ಪೇಪರ್ ಅಂಗಡಿಯವರು ಕಾರ್ಡಿಗೆ ಎರಡು ಪರ್ಸೆಂಟ್ ಮೇಲೆ ಕೇಳುತ್ತಿದ್ದರು. 60,000ಕ್ಕೆ 1,200. ಅದನ್ನು ಕೊಟ್ಟರೆ ಬಡ್ಡಿರಹಿತ ಎಂಬ ಮಾತೇ ಸುಳ್ಳು. ಅದನ್ನು ಹೇಗೆ ಬಿಡಿಸಿದೆ ಎಂಬುದನ್ನೂ ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರು ನಾಳೆ ನನಗೂ ಹಾಕುತ್ತಾರೆ!

ಕಟ್ಟುವುದು ಡ್ಯೂ ಡೇಟಿಗೆ ಮೂರು ದಿನ ಮೊದಲು. ಬೇರೆ ಬ್ಯಾಂಕಿನಿಂದ ಕಳಿಸಿದ ದುಡ್ಡು ಕಾರ್ಡಿಗೆ ಜಮೆ ಆಗಲು ಕೆಲವೊಮ್ಮೆ ಒಂದೆರಡು ದಿನ ಹಿಡಿಯುತ್ತದೆ, ಅವರು ನೋಡುವುದು ಜಮೆಯಾದ ದಿನ. ಆಟೋ ಡೆಬಿಟ್ ಹಾಕಿದ್ದೇನೆ, ಆದರೆ ಅದು ಕಾವಲಿಗೆ ಮಾತ್ರ. ಅದನ್ನು ಹಾಕುವಾಗ ಪೂರ್ತಿ ಬಿಲ್ಲೋ ಮಿನಿಮಮ್ಮೋ ಎಂದು ಕೇಳುತ್ತದೆ, ಅಲ್ಲಿ ಸರಿಯಾಗಿ ನೋಡಿ ಒತ್ತಿ.

ಕೊನೆಗೆ ವಾಪಸಾತಿ ಮಾಲಿನ ವಿಷಯ. ಒಮ್ಮೆ ತೇವ ಹಿಡಿದ ಆರ್ಟ್ ಪೇಪರ್ ಹಿಂದಕ್ಕೆ ಕಳಿಸಿದೆವು. 6,000 ರೀಫಂಡ್ ಬಂದದ್ದು ಬಿಲ್ ಆದ ಮೇಲೆ, ಡ್ಯೂ ಡೇಟಿಗೆ ಮೊದಲು. ಅದನ್ನು ಬಿಲ್ಲಿನಲ್ಲಿ ಹೊಂದಿಸಬೇಕು ಎಂಬುದು ನಿಯಮ. ಆದರೂ ನಾನು 6,000 ಕಳೆದು ಕಟ್ಟುವುದಿಲ್ಲ. ಅವರ ಕಂಪ್ಯೂಟರಿನಲ್ಲಿ ನೂರು ರೂಪಾಯಿ ಕಡಿಮೆ ಬಿದ್ದರೂ ಪೂರ್ತಿ ಬಿಲ್ಲಿನ ಬಡ್ಡಿ ಎದ್ದು ಕೂರುತ್ತದೆ, ಆಮೇಲೆ ಫೋನ್ ಮಾಡಿ ಬಿಡಿಸಿಕೊಳ್ಳಬೇಕು. ಬಿಲ್ಲಿನಲ್ಲಿ ಇದ್ದಷ್ಟೂ ಕಟ್ಟುತ್ತೇನೆ, ರೀಫಂಡ್ ಮುಂದಿನ ತಿಂಗಳ ಪೇಪರಿಗೆ ಜಮೆಯಾಗಿ ಉಳಿಯುತ್ತದೆ.