ಪ್ರತಿಸ್ಪರ್ಧಿಯ ನುಡಿನಮನ: ಒಂದು ಕತೆಯಲ್ಲಿ ನಾನು ಬರೆದ ಬಗೆ

ನನ್ನ ಕತೆಯೊಂದರಲ್ಲಿ ಹಿರಿಯ ನಿಘಂಟುಕಾರನೊಬ್ಬ ತೀರಿಕೊಳ್ಳುತ್ತಾನೆ. ಶಿಷ್ಯರಿಗೆ ಅವನೆಂದರೆ ಪ್ರಾಣ, ಆದರೂ ಅವನ ಕೈಕೆಳಗೆ ದುಡಿದು ಕಣ್ಣೀರು ಹಾಕದವರಿಲ್ಲ. ಶ್ರದ್ಧಾಂಜಲಿ ಸಭೆಯಲ್ಲಿ ಮಾತನಾಡುವವನು ಮೂವತ್ತು ವರ್ಷ ಅವನೊಡನೆ ಪದಪದಕ್ಕೂ ಜಗಳವಾಡಿದ ಇನ್ನೊಬ್ಬ ನಿಘಂಟುಕಾರ.

ಮೊದಲ ಕರಡಿನಲ್ಲಿ ಅವನು 'ಅಗಾಧ ವಿದ್ವತ್ತು', 'ತುಂಬಲಾರದ ನಷ್ಟ' ಎಂದೆಲ್ಲ ಹೇಳಿದ. ಸಭೆಯಲ್ಲಿದ್ದ ಯಾರು ಬೇಕಾದರೂ ಆಡಬಹುದಾದ ಮಾತುಗಳವು. ಹಾಗಾಗಿ ಶಿಷ್ಯನ ಬಾಯಲ್ಲಿಟ್ಟರೂ ಸಲ್ಲುವ ವಾಕ್ಯಗಳನ್ನೆಲ್ಲ ಹೊಡೆದುಹಾಕಿದೆ. ಎರಡು ಪುಟದಲ್ಲಿ ಆರು ಸಾಲು ಉಳಿಯಿತು. ಎದುರಾಳಿಗೆ ಮಾತ್ರ ಗೊತ್ತಿರುವುದೇನೆಂದು ಯೋಚಿಸುತ್ತಿದ್ದಾಗ ಹೊಳೆದದ್ದು, ಸತ್ತವನು ಇವನ ನಿಘಂಟನ್ನು ಕೆಂಪು ಶಾಯಿಯಲ್ಲಿ ತಿದ್ದಿ ಅಂಚೆಯಲ್ಲಿ ಕಳಿಸಿದ ಪ್ರಸಂಗ. ಅದನ್ನು ಭಾಷಣದಲ್ಲೇ ಮೊದಲ ಬಾರಿಗೆ ಹೇಳಿಸಿದರೆ ಅನುಕೂಲಕ್ಕೆ ತಂದ ಕಟ್ಟುಕತೆಯಂತೆ ಕಾಣುತ್ತಿತ್ತು. ಆದ್ದರಿಂದ ಕತೆಯ ಆರಂಭಕ್ಕೆ ಹಿಂದಿರುಗಿ, ಆ ಕಟ್ಟನ್ನು ಬಿಚ್ಚದೆಯೇ ಅವನು ಕಪಾಟಿನ ಮೇಲೆ ಎಸೆಯುವ ದೃಶ್ಯವನ್ನು ಸೇರಿಸಿದೆ.

ಹೆಚ್ಚು ಕಾಡಿದ್ದು ಸರ್ವನಾಮ. ಬದುಕಿದ್ದಾಗ ಇಬ್ಬರೂ ಒಬ್ಬರನ್ನೊಬ್ಬರು 'ನೀವು' ಎಂದೇ ಕರೆಯುತ್ತಿದ್ದರು. ಆ ಬಹುವಚನ ಗೌರವಕ್ಕಿಂತ ದೂರವಿಡುವುದಕ್ಕೆ ಬಳಕೆಯಾಗಿತ್ತು. ಭಾಷಣದ ನಡುವೆ ಅವನು ತನಗರಿವಿಲ್ಲದೆ ಏಕವಚನಕ್ಕೆ ಜಾರಿದರೆ ಸಾಕು, ಪ್ರೀತಿಯನ್ನು ಹೆಸರಿಸಬೇಕಿಲ್ಲವೆಂದು ನನಗನಿಸಿತು. ಆದರೆ ಹಸ್ತಪ್ರತಿ ಓದಿದ ಗೆಳತಿ ಆ 'ಅವನು' ಎಂಬುದಕ್ಕೆ ಸುತ್ತು ಹಾಕಿ, 'ಅಚ್ಚಿನ ತಪ್ಪು' ಎಂದು ಗುರುತಿಸಿದಳು. ತಿದ್ದುವುದನ್ನೇ ಕಸುಬಾಗಿಸಿಕೊಂಡವರ ಕತೆಗೆ ಇದು ತಕ್ಕ ಶಾಸ್ತಿಯೇ! 'ಅವನ ದನಿ ಏಕವಚನಕ್ಕೆ ಇಳಿಯಿತು' ಎಂದು ನಿರೂಪಕನಿಂದ ಹೇಳಿಸಿ ನೋಡಿದೆ, ಸಪ್ಪೆಯಾಯಿತು. ಕೊನೆಗೆ ಮೊದಲ ಜಾರುವಿಕೆಯನ್ನು ಮಾತುಗಾರನೇ ತಿದ್ದಿಕೊಳ್ಳುವಂತೆ, ಎರಡನೆಯದನ್ನು ಹಾಗೇ ಬಿಡುವಂತೆ ಬರೆದೆ:

"ನನ್ನ ನಿಘಂಟಿನಲ್ಲಿ ಅವನು 41 ತಪ್ಪು ಹುಡುಕಿದ. ಕ್ಷಮಿಸಿ, ಅವರು ಹುಡುಕಿದರು. ನಾನು ಆ ಕಟ್ಟನ್ನು ಒಂಬತ್ತು ವರ್ಷ ಬಿಚ್ಚಲಿಲ್ಲ. ಮೊನ್ನೆ ಸುದ್ದಿ ಬಂದ ರಾತ್ರಿ ಬಿಚ್ಚಿದೆ. 39 ಕಡೆ ಅವರದೇ ಸರಿ. ಕೊನೆಯ ಪುಟದಲ್ಲಿ, ಪೆನ್ಸಿಲ್ಲಿನಲ್ಲಿ, ಇಷ್ಟು ಸಣ್ಣಕ್ಷರದಲ್ಲಿ, 'ಉಳಿದದ್ದು ಚೆನ್ನಾಗಿದೆ' ಅಂತ ಬರೆದಿದ್ದ."

'ಬರೆದಿದ್ದ' ಎಂಬಲ್ಲಿ ಕ್ರಿಯಾಪದದ ಕೊನೆಯಷ್ಟೇ ಬದಲಾಗಿದೆ. ಮೊದಲ ತಿದ್ದುಪಡಿಯನ್ನು ಕೇಳಿಸಿಕೊಂಡ ಓದುಗ ಇದನ್ನು ತಪ್ಪೆಂದುಕೊಳ್ಳುವುದಿಲ್ಲ. ಗೆಳತಿ ಎರಡನೆಯ ಓದಿನಲ್ಲಿ ಅಲ್ಲಿ ಸುತ್ತು ಹಾಕಲಿಲ್ಲ.

ಇದಾದ ಮೇಲೆ ಅವನು ಕ್ಷಮೆ ಕೇಳುವ ಒಂದು ಪ್ಯಾರಾ ಇತ್ತು. ಅದು ಅವನ ಸ್ವಭಾವವಲ್ಲ, ಓದುಗರನ್ನು ಸಮಾಧಾನಪಡಿಸುವ ನನ್ನ ಚಪಲ. ತೆಗೆದೆ. ಈಗ ಅವನು ಕನ್ನಡಕ ಮಡಚಿ, "ಆ ಎರಡರ ವಿಷಯದಲ್ಲಿ ಮಾತ್ರ ನಾನು ಒಪ್ಪುವುದಿಲ್ಲ" ಎಂದು ಹೇಳಿ ಕುಳಿತುಕೊಳ್ಳುತ್ತಾನೆ.