ಲೋಗೋದಲ್ಲೇ ನಿಂತ ಫೋನ್: ಬ್ಯಾಟರಿಯೋ, ಬಟನ್ನೋ, ಸಾಫ್ಟ್‌ವೇರೋ?

ಆನ್ ಆಗದ ಆಂಡ್ರಾಯ್ಡ್ ಫೋನ್ ಕೈಗೆ ಬಂದರೆ ನಾನು ಮೊದಲು ಹಿಂಬದಿ ಉಬ್ಬಿದೆಯೇ ನೋಡುತ್ತೇನೆ. ಉಬ್ಬಿದ್ದರೆ ಚಾರ್ಜಿಗೆ ಹಾಕುವುದಿಲ್ಲ. ಇಲ್ಲವಾದರೆ ಚಾರ್ಜರ್ ಮತ್ತು ಫೋನಿನ ನಡುವೆ ಯುಎಸ್‌ಬಿ ಮೀಟರ್ ಸಿಕ್ಕಿಸುತ್ತೇನೆ.

ಈ ಫೋನು ಮೂರು ತಿಂಗಳು ಡ್ರಾಯರಿನಲ್ಲಿ ಬಿದ್ದಿತ್ತು. ಪರದೆ ಪೂರ್ತಿ ಕಪ್ಪು, ಮೀಟರಿನಲ್ಲಿ 5.1 ವೋಲ್ಟ್, 0.07 ಆಂಪ್. ಇಷ್ಟು ಸಣ್ಣ ಕರೆಂಟ್ ಕಂಡರೆ ಹಲವರು ಬೋರ್ಡ್ ಹೋಯಿತು ಅಂದುಕೊಳ್ಳುತ್ತಾರೆ. ಆದರೆ ಲಿಥಿಯಂ ಬ್ಯಾಟರಿ ಸುಮಾರು 3 ವೋಲ್ಟಿಗಿಂತ ಕೆಳಗೆ ಇಳಿದಿದ್ದರೆ ಚಾರ್ಜಿಂಗ್ ಐಸಿ ಬೇಕೆಂದೇ ಹನಿಹನಿಯಾಗಿ ಕರೆಂಟ್ ಕೊಡುತ್ತದೆ. ಆಗ ಪರದೆ ಬೆಳಗಿಸುವಷ್ಟು ಶಕ್ತಿಯೂ ಇರುವುದಿಲ್ಲ. ಈ ಹೊತ್ತಿನಲ್ಲಿ ಮತ್ತೆ ಮತ್ತೆ ಪವರ್ ಬಟನ್ ಒತ್ತಬಾರದು, ಸೇರಿದ ಅಷ್ಟಿಷ್ಟೂ ಖರ್ಚಾಗುತ್ತದೆ. 25 ನಿಮಿಷಕ್ಕೆ ಮೀಟರ್ 0.9 ಆಂಪಿಗೆ ಜಿಗಿಯಿತು, ಬ್ಯಾಟರಿ ಚಿತ್ರ ಬಂತು. ಒಂದು ಗಂಟೆಯಾದರೂ 0.00 ಇದ್ದಿದ್ದರೆ ಕೇಬಲ್, ಪೋರ್ಟ್, ಆಮೇಲೆ ಬ್ಯಾಟರಿ, ಬೋರ್ಡ್ ಎಂದು ಹುಡುಕಬೇಕಿತ್ತು.

ಚಾರ್ಜ್ 30% ಆದ ಮೇಲೆ ಆನ್ ಮಾಡಿದರೆ ಲೋಗೋ ಬಂದು ಆರಿತು, ಮತ್ತೆ ಬಂತು, ಮತ್ತೆ ಆರಿತು. ಹಲವರು ಸಾಫ್ಟ್‌ವೇರ್ ಕೆಟ್ಟಿದೆ ಎಂದು ಅದನ್ನು ಹೊಸದಾಗಿ ತುಂಬಲು, ಅಂದರೆ ಫ್ಲ್ಯಾಶ್ ಮಾಡಲು ಕೂರುವುದು ಇಲ್ಲೇ. ನಾನು ಗಡಿಯಾರ ಹಿಡಿದೆ. ಪ್ರತಿ ಸುತ್ತೂ ಸರಿಯಾಗಿ ಒಂದೇ ಅವಧಿ, ಹನ್ನೆರಡು ಸೆಕೆಂಡ್. ಪವರ್ ಬಟನ್ ಒತ್ತಿಯೇ ಹಿಡಿದರೆ ಬಲವಂತದ ರೀಸ್ಟಾರ್ಟ್ ಆಗುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ. ಬ್ಯಾಟರಿ ಸೋತಿದ್ದರೆ ಸಾಮಾನ್ಯವಾಗಿ ಸಮಯ ಏರುಪೇರಾಗುತ್ತದೆ, ಚಾರ್ಜರ್ ಹಾಕಿದರೆ ಇನ್ನಷ್ಟು ಮುಂದೆ ಹೋಗುತ್ತದೆ. ಇದು ಚಾರ್ಜರ್ ಹಾಕಿದರೂ ಕದಲಲಿಲ್ಲ.

ಹಾಗಾದರೆ ಪವರ್ ಬಟನ್ನೇ ಒಳಗೆ ಅಂಟಿಕೊಂಡಿರಬೇಕು. ಖಚಿತಪಡಿಸಿಕೊಳ್ಳಲು ವಾಲ್ಯೂಮ್ ಅಪ್ ಹಿಡಿದು ರಿಕವರಿ ಎಂಬ ದುರಸ್ತಿ ಮೆನುವಿಗೆ ಹೋದೆ (ಕೆಲವು ಮಾಡೆಲಿಗೆ ಬೇರೆ ಜೋಡಿ ಬಟನ್). ಬೆರಳು ತೆಗೆದಿದ್ದರೂ Reboot system now ತಾನಾಗಿಯೇ ಆಯ್ಕೆಯಾಯಿತು. ರಿಕವರಿಯಲ್ಲಿ ಪವರ್ ಬಟನ್ನೇ 'ಆಯ್ಕೆ' ತಾನೇ! ಹಿಂಬದಿ ಬಿಚ್ಚಿ, ಬ್ಯಾಟರಿ ಕನೆಕ್ಟರ್ ಕಳಚಿ, ಆಮೇಲೆ ಪವರ್ ಬಟನ್ನಿನ ಸ್ವಿಚ್ ಇರುವ ತೆಳು ಪಟ್ಟಿ ಕೇಬಲ್, ಅಂದರೆ ಫ್ಲೆಕ್ಸ್ ಬೇರ್ಪಡಿಸಿದೆ. ಬಟನ್ ಒತ್ತದೆ ಸ್ವಿಚ್ಚಿನ ಎರಡು ತುದಿಗೆ ಮಲ್ಟಿಮೀಟರ್ ಹಿಡಿದರೆ 6 ಓಮ್. ಚೆನ್ನಾಗಿರುವ ಸ್ವಿಚ್ ಆಗಿದ್ದರೆ ಸಂಪರ್ಕವೇ ತೋರಿಸಬಾರದು. ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆದಾಗ ಸರಿಯಾದಂತೆ ಕಂಡರೂ ಹತ್ತು ಸಲ ಒತ್ತುವಷ್ಟರಲ್ಲಿ ಮತ್ತೆ ಅಂಟಿತು. ಫ್ಲೆಕ್ಸ್ ಬದಲಿಸಿದೆ.

ರಿಕವರಿಯಲ್ಲಿ ಹತ್ತು ನಿಮಿಷ ಅಲುಗಾಡದೆ ನಿಂತು, ಮಾಮೂಲಿ ಬೂಟಿನಲ್ಲಿ ಮಾತ್ರ ಲೋಗೋ ದಾಟದಿದ್ದರೆ ಆಗ ನನ್ನ ಅನುಮಾನ ಸಾಫ್ಟ್‌ವೇರ್ ಕಡೆಗೆ. ಅಲ್ಲೂ ಮೊದಲು Wipe cache partition ಇದ್ದರೆ ಅದು, ನಂತರ ಅದೇ ಮಾಡೆಲಿನ ಅಧಿಕೃತ ಅಪ್‌ಡೇಟ್ ಅನ್ನು ರಿಕವರಿ ಮೂಲಕ ಹಾಕುವುದು, ಅಂದರೆ ಸೈಡ್‌ಲೋಡ್ ಮಾಡುವುದು. Wipe data/factory reset ಕಟ್ಟಕಡೆಗೆ: ಫೋಟೊಗಳು ಹೋಗುತ್ತವೆ, ಹಳೆಯ ಗೂಗಲ್ ಖಾತೆಯ ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ಫೋನು ಅಲ್ಲಿಗೇ ಲಾಕ್.