ಕೆಂಪು ದಾರ ಕಟ್ಟಿದ 43 ಮೂಟೆ

ಎಂ.ಕಾಂ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ಕಾಫಿ ಸರಬರಾಜು ಸರಪಳಿಯನ್ನು ಆರಿಸಿಕೊಂಡಾಗ ಕೆಲಸ ಸುಲಭ ಅಂದುಕೊಂಡಿದ್ದೆ. ದೊಡ್ಡಪ್ಪನಿಗೆ ಕೊಡಗಿನ ಸುಂಟಿಕೊಪ್ಪದ ಹತ್ತಿರ ಆರು ಎಕರೆ ರೋಬಸ್ಟಾ ತೋಟವಿದೆ. ರಫ್ತುದಾರರ ಕಚೇರಿಗಳು ನಮ್ಮ ಬೆಂಗಳೂರಿನಲ್ಲೇ ಇವೆ. ಕಾಫಿ ಬೋರ್ಡ್ ಇರುವುದು ಅಂಬೇಡ್ಕರ್ ವೀಧಿಯಲ್ಲಿ, ನನ್ನ ಹಾಸ್ಟೆಲಿನಿಂದ ಒಂದೇ ಬಸ್ಸು. ಒಂದು ವಾರದಲ್ಲಿ ಚಿತ್ರ ಬರೆದು ಮುಗಿಸಿದೆ: ತೋಟ, ವ್ಯಾಪಾರಿ, ಸಿಪ್ಪೆ ಬಿಡಿಸಿ ಬೀಜ ಬೇರ್ಪಡಿಸುವ ಕ್ಯೂರಿಂಗ್ ವರ್ಕ್ಸ್, ರಫ್ತುದಾರ, ಬಂದರು. ಐದು ಚೌಕ, ನಾಲ್ಕು ಬಾಣ.

ಗೈಡ್ ಮೇಡಂ ಅದನ್ನು ನೋಡಿ ಒಂದೇ ಪ್ರಶ್ನೆ ಕೇಳಿದರು. "ಈ ಬಾಣದ ಮೇಲೆ ಹೋಗ್ತಿರೋದು ಏನು? ಕಾಫಿನಾ, ದುಡ್ಡಾ, ಮಾಹಿತಿನಾ?"

ನನ್ನಲ್ಲಿ ಉತ್ತರವಿರಲಿಲ್ಲ. "ಅಡಚಣೆಗಳು" ಅನ್ನುವ ಅಧ್ಯಾಯದಲ್ಲಿ ಕೂಲಿಯಾಳುಗಳ ಕೊರತೆ, ಸಾಗಣೆ, ಬೆಲೆ ಏರಿಳಿತ ಅಂತ ಬರೆದಿದ್ದೆ. ಅಡಿಕೆಯ ಬಗ್ಗೆ ಬರೆದಿದ್ದರೂ ಅದೇ ಮೂರು ಸಾಲು ಸಾಕಾಗುತ್ತಿತ್ತು. ಹಾಗಾಗಿ ಮೇಡಂ ಹೇಳಿದ ದಾರಿ ಹಿಡಿದೆ: ಒಂದು ಲಾಟನ್ನು ಹಿಡಿದು, ಅದು ಎಲ್ಲೆಲ್ಲಿ ಎಷ್ಟು ದಿನ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ ಅಂತ ಬರೆದಿಡುವುದು. ಜನವರಿ ಮೊದಲ ವಾರ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ರಾತ್ರಿ ಬಸ್ಸು ಹತ್ತಿದೆ.

ಕೊಯ್ಲು ಆಗಷ್ಟೇ ಶುರುವಾಗಿತ್ತು. ದೊಡ್ಡಪ್ಪ ಮಾಡುವುದು ಚೆರ್ರಿ, ಅಂದರೆ ಹಣ್ಣನ್ನು ಸಿಪ್ಪೆ ಸಮೇತ ಒಣಗಿಸುವುದು. ಪಲ್ಪರಿನಲ್ಲಿ ಸಿಪ್ಪೆ ತೆಗೆದು ತೊಳೆದು ಒಣಗಿಸುವ ಪಾರ್ಚ್‌ಮೆಂಟಿಗೆ ಬೇಕಾದ ನೀರು, ಯಂತ್ರ ಅವರಲ್ಲಿಲ್ಲ. ಹತ್ತು ಜನರ ಗುಂಪು ಬಂದಿತ್ತು, ತಲೆಗೆ ದಿನಕ್ಕೆ ಸುಮಾರು 85 ಕೆಜಿ ಕೊಯ್ಯುತ್ತಿದ್ದರು. ಒಟ್ಟು ಫಸಲು 12 ಟನ್ ಹಣ್ಣು ಅಂತ ಅಂದಾಜು. ಆ ವೇಗದಲ್ಲಿ 14 ದಿನಕ್ಕೆ ತೋಟ ಖಾಲಿ.

ಆದರೆ ಕಣ ಇರುವುದು ನಲವತ್ತಕ್ಕೆ ಮೂವತ್ತು ಅಡಿ. ಹಣ್ಣನ್ನು ಎಂಟು ಸೆಂಟಿಮೀಟರಿಗಿಂತ ದಪ್ಪ ಹರಡಬಾರದು, ಗಂಟೆಗೊಮ್ಮೆ ಕೈಯಾಡಿಸುತ್ತಿರಬೇಕು. ಒಂದು ಚದರ ಮೀಟರ್ ಜಾಗಕ್ಕೆ ಪಟ್ಟಿ ಹಾಕಿ, ಅದರ ಮೇಲೆ ಹರಡಿದ ಹಣ್ಣನ್ನು ತೂಗಿದಾಗ 45 ಕೆಜಿ ಬಂತು. ಕಣ 111 ಚದರ ಮೀಟರ್. ಅಂದರೆ ಒಂದು ಸಲಕ್ಕೆ 5 ಟನ್, ಒಣಗಲು ಎರಡು ವಾರ. ಹದಿನಾಲ್ಕು ದಿನದಲ್ಲಿ ಬರುವ ಹಣ್ಣು 12 ಟನ್, ಕಣ ಹಿಡಿಯುವುದು 5 ಟನ್. ಆರನೆಯ ದಿನ ಸಂಜೆ ಕಣ ತುಂಬಿತು.

ಲೆಕ್ಕ ತೋರಿಸಿದಾಗ ದೊಡ್ಡಪ್ಪ ನಕ್ಕರು. "ಹಣ್ಣು ಒಣಗ್ತಾ ಒಣಗ್ತಾ ಕುಗ್ಗುತ್ತೆ ಮಗಳೇ. ವಾರ ಆದ್ಮೇಲೆ ಎರಡು ಪಟ್ಟೆ ಸೇರಿಸಿ ಒಂದ್ ಮಾಡ್ತೀವಿ, ಜಾಗ ಸಿಗುತ್ತೆ." ನಿಜ. ಎಂಟನೆಯ ದಿನ ಕಣದ ಮೂರನೇ ಒಂದು ಭಾಗ ಖಾಲಿಯಾಯಿತು. ತಿದ್ದಿದಾಗ ಎರಡು ವಾರಕ್ಕೆ ಕಣದ ಸಾಮರ್ಥ್ಯ 7 ಟನ್ ಅಂತ ಬಂತು. ಆದರೂ 12 ಟನ್ನಿಗೆ ಸಾಲದು. ಪಟ್ಟೆ ಕೂಡಿಸುವ ಈ ವಿಷಯ ಬೆಂಗಳೂರಿನಲ್ಲಿ ಕೂತು ಲೆಕ್ಕ ಹಾಕಿದ್ದರೆ ನನಗೆ ಹೊಳೆಯುತ್ತಲೇ ಇರಲಿಲ್ಲ.

ಕಣ ತುಂಬಿದಾಗ ಕೊಯ್ಲು ನಿಲ್ಲಿಸಬಹುದಲ್ಲ ಅಂದೆ. ನಿಲ್ಲಿಸಿದರೆ ಆ ಗುಂಪು ಮುಂದಿನ ತೋಟಕ್ಕೆ ಹೋಗಿಬಿಡುತ್ತದೆ, ಮತ್ತೆ ಸಿಗುವುದು ಯಾವಾಗಲೋ. ಗಿಡದಲ್ಲೇ ಬಿಟ್ಟ ಹಣ್ಣು ಉದುರುತ್ತದೆ, ಕಾಯಿಕೊರಕ ಹೆಚ್ಚುತ್ತದೆ. ಅದಕ್ಕಿಂತ ದೊಡ್ಡ ಹೆದರಿಕೆ ಹೂಮಳೆಯದು. ಫೆಬ್ರವರಿ, ಮಾರ್ಚಿನಲ್ಲಿ ಆ ಮಳೆ ಬಿದ್ದು ಹೂವಾದ ಮೇಲೂ ಗಿಡದಲ್ಲಿ ಹಣ್ಣಿದ್ದರೆ ಕೊಯ್ಯುವಾಗ ಹೂವೂ ಕಿತ್ತು ಬಂದು ಮುಂದಿನ ವರ್ಷದ ಫಸಲೇ ಹೋಗುತ್ತದೆ. ಹಾಗಾಗಿ ದೊಡ್ಡಪ್ಪ ಬೇರೆಯವರೆಲ್ಲ ಮಾಡುವುದನ್ನೇ ಮಾಡಿದರು: ಕಣದ ಒಂದು ಬದಿಯಲ್ಲಿ ದಪ್ಪಗೆ, ಗೇಣುದ್ದ ಹರಡಿದರು. ಮೂರನೆಯ ಬೆಳಿಗ್ಗೆ ಅದರೊಳಗೆ ಕೈ ಹಾಕಿದೆ. ಬೆಚ್ಚಗಿತ್ತು, ಹುಳಿ ವಾಸನೆ ಬರುತ್ತಿತ್ತು. ಆ ಹಣ್ಣು ಒಣಗಲು 21 ದಿನ ಹಿಡಿಯಿತು.

ತೆಳ್ಳಗೆ ಹರಡಿದ್ದ ಮೊದಲ 5 ಟನ್ ಹಣ್ಣು ಒಣಗಿ 43 ಮೂಟೆಯಾಯಿತು, ಮೂಟೆಗೆ 50 ಕೆಜಿ. ಒಣಗಿದ್ದು ಗೊತ್ತಾಗುವುದು ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದಾಗ: ಒಳಗಿನ ಬೀಜ ಗಲಗಲ ಅನ್ನಬೇಕು. ತೇವಾಂಶ ಶೇ. 11ಕ್ಕೆ ಇಳಿದಿರಬೇಕು. ಆ 43 ಮೂಟೆಗಳ ಬಾಯಿಗೆ ನಾನು ಕೆಂಪು ದಾರ ಕಟ್ಟಿದೆ. ಅವೇ ನನ್ನ ಲಾಟು.

ಆಮೇಲೆ ಆ ಮೂಟೆಗಳು ಮನೆಯ ಅಟ್ಟಣಿಗೆಯ ಕೋಣೆಯಲ್ಲಿ 68 ದಿನ ಕೂತವು. ಬೆಂಗಳೂರಿಗೆ ವಾಪಸ್ ಬಂದು ಗ್ರಾಫ್ ಬರೆದಾಗ ಇಡೀ ಸರಪಳಿಯಲ್ಲಿ ಅತಿ ಉದ್ದದ ಪಟ್ಟಿ ಇದೇ. "ಮುಖ್ಯ ಅಡಚಣೆ: ತೋಟದ ದಾಸ್ತಾನು" ಅಂತ ಬರೆದೂಬಿಟ್ಟೆ. ಫೋನಿನಲ್ಲಿ ಹೇಳಿದರೆ ದೊಡ್ಡಪ್ಪನಿಗೆ ಸಿಟ್ಟೇ ಬಂತು. "ಅಡಚಣೆ ಅಲ್ಲ ಅದು. ನಮ್ಮಪ್ಪನ ಕಾಲ್ದಲ್ಲಿ ಕಾಫಿನೆಲ್ಲ ಬೋರ್ಡಿನ ಪೂಲಿಗೆ ಕೊಡ್ಬೇಕಿತ್ತು, ದುಡ್ಡು ಕಂತಲ್ಲಿ ಬರ್ತಿತ್ತು. ಈಗ ನಾನೇ ಇಟ್ಕೊಂಡು ನಾನೇ ಮಾರ್ತೀನಿ."

ಅವರು ಹೇಳಿದ್ದು ಸರಿ. 1990ರ ದಶಕದ ಮಧ್ಯದವರೆಗೆ ಪೂಲ್ ಪದ್ಧತಿಯೇ ಇತ್ತು. ಈಗ ಬೆಳೆಗಾರ ಬೆಳಿಗ್ಗೆ ಮೊಬೈಲಿನಲ್ಲಿ ಲಂಡನ್ ರೋಬಸ್ಟಾ ದರ, ಡಾಲರ್ ದರ ಎರಡನ್ನೂ ನೋಡಿ, ಇವತ್ತು ಕೊಡಬೇಕೋ ಬೇಡವೋ ತೀರ್ಮಾನಿಸುತ್ತಾನೆ. ಮಾಲು ನಿಂತಿದೆ ಅಂದಮಾತ್ರಕ್ಕೆ ಅದು ಸಿಕ್ಕಿಹಾಕಿಕೊಂಡಿದೆ ಅಂತಲ್ಲ. ಅಂದಿನಿಂದ ಪ್ರತಿ ನಿಲುಗಡೆಗೂ ಒಂದು ಪ್ರಶ್ನೆ ಹಾಕಿದೆ: ಇದನ್ನು ಇವತ್ತೇ ಮುಂದೆ ಕಳಿಸಬೇಕು ಅಂದರೆ ಕಳಿಸಲು ಆಗುತ್ತಿತ್ತೇ? ಆಗುತ್ತಿತ್ತು ಅಂದರೆ ಅದು ಬೇಕೆಂದೇ ನಿಲ್ಲಿಸಿದ್ದು. ಆಗುತ್ತಿರಲಿಲ್ಲ ಅಂದರೆ ಮಾತ್ರ ಅಡಚಣೆ. ಗ್ರಾಫಿನಲ್ಲಿ ಒಂದಕ್ಕೆ ಹಸಿರು, ಇನ್ನೊಂದಕ್ಕೆ ಕೆಂಪು ಬಣ್ಣ ಹಾಕಿದಾಗ ಅಧ್ಯಾಯದ ಅರ್ಧ ಭಾಗ ತಾನಾಗಿಯೇ ಬಿದ್ದುಹೋಯಿತು.

ಏಪ್ರಿಲ್ ಮೊದಲ ವಾರ ವ್ಯಾಪಾರಿ ಬಂದರು. ಕೊಳವೆ ಚುಚ್ಚಿ ಮೂಟೆಗಳಿಂದ ಮಾದರಿ ತೆಗೆದು, ಅರ್ಧ ಕೆಜಿ ಚೆರ್ರಿಯನ್ನು ಪುಟ್ಟ ಹಲ್ಲರಿನಲ್ಲಿ ಸಿಪ್ಪೆ ಬಿಡಿಸಿ ಬೀಜ ತೂಗಿದರು. 260 ಗ್ರಾಂ. ಅಂದರೆ 50 ಕೆಜಿ ಮೂಟೆಯಲ್ಲಿ 26 ಕೆಜಿ ಬೀಜ. ಇದಕ್ಕೇ ಔಟ್‌ಟರ್ನ್ ಅನ್ನುವುದು, ಊರಿನ ಬಾಯಲ್ಲಿ ಓಟಿ. ಮೂಟೆಯ ಬೆಲೆ ನಿಂತಿರುವುದು ಇದರ ಮೇಲೆ: ಓಟಿಗೆ 300 ರೂಪಾಯಿ ಅಂತಿಟ್ಟುಕೊಂಡರೆ 26 ಓಟಿಯ ಮೂಟೆಗೆ 7,800. ಆಮೇಲೆ ಗೇಣುದ್ದ ಹರಡಿದ್ದ ಲಾಟಿನ ಮಾದರಿ. ಕಪ್ಪಾದ ಬೀಜ ತೆಗೆದಿಟ್ಟ ಮೇಲೆ ಉಳಿದಿದ್ದು 250 ಗ್ರಾಂ, ಮೀಟರಿನಲ್ಲಿ ತೇವಾಂಶ 13 ದಾಟಿತ್ತು. 25 ಓಟಿ, ಮೇಲೆ ತೇವಕ್ಕೆ ತೂಕದಲ್ಲಿ ಕಡಿತ. ಮೂಟೆಗೆ ಕಮ್ಮಿಯೆಂದರೂ 300 ರೂಪಾಯಿ ಕೈಬಿಟ್ಟಿತು. ಕಣ ಸಾಲದ್ದರ ಬೆಲೆ ನನಗೆ ರೂಪಾಯಿಯಲ್ಲಿ ಕಂಡದ್ದು ಅಲ್ಲೇ, ಕೊಯ್ಲಾದ ಎರಡೂವರೆ ತಿಂಗಳ ಮೇಲೆ.

ಮಾರನೆಯ ದಿನ ವ್ಯಾಪಾರಿಯ ಗೋದಾಮಿಗೆ ಹೋದೆ. ನನ್ನ ಕೆಂಪು ದಾರದ ಮೂಟೆಗಳು ಒಂದು ಮೂಲೆಯಲ್ಲಿದ್ದವು, ಖಾಲಿ, ಮಡಿಸಿಟ್ಟು. ಕಾಫಿಯನ್ನು ಬೇರೆ ಬೆಳೆಗಾರರ ಕಾಫಿಯ ಜೊತೆ ರಾಶಿಗೆ ಸುರಿದಾಗಿತ್ತು. ಚೀಲಗಳನ್ನು ದೊಡ್ಡಪ್ಪನಿಗೆ ವಾಪಸ್ ಕಳಿಸಲು ಇಟ್ಟಿದ್ದರು. ಅಳು ಬರುವಂತಾಯಿತು, ಪ್ರಾಜೆಕ್ಟೇ ಹೋಯಿತು ಅನ್ನಿಸಿತು. ವ್ಯಾಪಾರಿಯದೇನೂ ತಪ್ಪಿಲ್ಲ. ಒಂದು ಲಾರಿಗೆ 200 ಮೂಟೆ ಬೇಕು, ಕ್ಯೂರಿಂಗ್‌ನವರಿಗೂ ಸಣ್ಣ ಲಾಟು ಬೇಡ, ಯಂತ್ರ ನಿಲ್ಲಿಸಿ ಗುಡಿಸಿ ಮತ್ತೆ ಶುರು ಮಾಡುವ ಹೊತ್ತಿಗೆ ಅವರ ಅರ್ಧ ದಿನ ಹೋಗುತ್ತದೆ.

ವರದಿಯಲ್ಲಿ ಅದನ್ನು ಇದ್ದಂತೆಯೇ ಬರೆದೆ: ಇಲ್ಲಿಂದ ಮುಂದೆ ನಾನು ಹಿಂಬಾಲಿಸಿದ್ದು ದೊಡ್ಡಪ್ಪನ ಕಾಫಿಯನ್ನಲ್ಲ, ಆ ಲಾರಿಯನ್ನು. ಬರೆದ ಮೇಲೆ ಹೊಳೆಯಿತು, ಇದೂ ಒಂದು ಅಡಚಣೆಯೇ, ಆದರೆ ಕಾಫಿಯದ್ದಲ್ಲ, ಮಾಹಿತಿಯದ್ದು. ಮೇಡಂ ಕೇಳಿದ್ದ ಮೂರು ಬಾಣಗಳಲ್ಲಿ ಒಂದು ಈ ರಾಶಿಯ ಹತ್ತಿರ ತುಂಡಾಗುತ್ತದೆ. ಕಾಡು ಕಡಿದು ಬೆಳೆದ ಕಾಫಿಯಲ್ಲ ಅಂತ ತೋರಿಸಲು ತೋಟದ ನಕ್ಷೆಯ ಬಿಂದುವನ್ನೇ ಕೇಳುವ ಯುರೋಪಿನ ನಿಯಮದ ಜಾರಿ ಮುಂದೆ ಮುಂದೆ ಹೋಗುತ್ತಿದ್ದರೂ, ರಫ್ತುದಾರರಿಗೆ ಅದೇ ಚಿಂತೆ. ನಾಲ್ಕು ಹೆಕ್ಟೇರಿನೊಳಗಿನ ತೋಟಕ್ಕೆ ಒಂದು ಬಿಂದು ಸಾಕು. ಆದರೆ ರಾಶಿಯಲ್ಲಿ ಯಾರ ಯಾರ ತೋಟವಿದೆ ಅನ್ನುವುದು ಬರೆದಿಟ್ಟಿದ್ದರೆ ತಾನೇ.

ಕ್ಯೂರಿಂಗ್ ವರ್ಕ್ಸ್ ಬಗ್ಗೆ ಹೆಚ್ಚು ಬರೆಯಲು ಏನಿಲ್ಲ. 14 ದಿನದಲ್ಲಿ 12 ದಿನ ಸರದಿ, ಎರಡು ದಿನ ಕೆಲಸ: ಕಲ್ಲು ಕಡ್ಡಿ ತೆಗೆಯುವುದು, ಸಿಪ್ಪೆ ಬಿಡಿಸುವುದು, ಜರಡಿಯಲ್ಲಿ ಗಾತ್ರ ಬೇರ್ಪಡಿಸುವುದು, ತೂಕ ನೋಡಿ ಹಗುರ ಬೀಜ ತೆಗೆಯುವುದು, ಬಣ್ಣ ನೋಡಿ ಕಪ್ಪು ಬೀಜ ತೆಗೆಯುವುದು. ಏಪ್ರಿಲಿನಲ್ಲಿ ಎಲ್ಲರೂ ಒಟ್ಟಿಗೆ ತಂದು ಹಾಕುವುದರಿಂದ ಆ ಸರದಿ. ಕೆಂಪು ಬಣ್ಣ ಹಾಕಿದೆ, ಆದರೆ ತಿಳಿಗೆಂಪು.

ಬೆಂಗಳೂರಿನ ರಫ್ತುದಾರರ ಕಚೇರಿಯಲ್ಲಿ ಕೊನೆಯ ಲೆಕ್ಕ ಸಿಕ್ಕಿತು. ಒಂದು ಇಪ್ಪತ್ತಡಿ ಕಂಟೇನರಿಗೆ 60 ಕೆಜಿಯ 320 ಸೆಣಬಿನ ಚೀಲ, ಅಂದರೆ 19.2 ಟನ್. ದೊಡ್ಡಪ್ಪನ ಇಡೀ ವರ್ಷದ ಬೀಜ 2.7 ಟನ್ ದಾಟುವುದಿಲ್ಲ. ಅಂಥ ಏಳೆಂಟು ತೋಟ ಸೇರಿದರೆ ಒಂದು ಕಂಟೇನರ್. ಖರೀದಿದಾರ ದೊಡ್ಡ ಬೀಜದ ಎಬಿ ದರ್ಜೆ ಮಾತ್ರ ಕೇಳಿದರೆ ಇನ್ನೂ ಎಷ್ಟೋ ತೋಟ. ಚೀಲದ ಮೇಲಿನ ಗುರುತು 14ರಿಂದ ಶುರುವಾಗುತ್ತದೆ, ಭಾರತದ ಸಂಕೇತ ಅದು. ಆಮೇಲೆ ರಫ್ತುದಾರರದ್ದು, ಆಮೇಲೆ ಲಾಟಿನದ್ದು. ತೋಟದ್ದು ಆ ಗುರುತಿನಲ್ಲಿಲ್ಲ.

ವೈವಾದಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕರು ಕೆಂಪು ಪಟ್ಟಿಗಳಲ್ಲಿ ಮೊದಲನೆಯದನ್ನೇ ತೋರಿಸಿ, ಕಣ ದೊಡ್ಡದು ಮಾಡಿಸಿದರೆ ಆಯಿತಲ್ಲ ಅಂದರು. ಕಾಂಕ್ರೀಟಿನ ಖರ್ಚು ಹೇಳಿ, ಇನ್ನೊಂದು ದಾರಿ ತೋರಿಸಿದೆ. ಕಣಕ್ಕೆ ಎರಡು ವಾರಕ್ಕೆ 7 ಟನ್, ಅಂದರೆ ದಿನಕ್ಕೆ 500 ಕೆಜಿ ಹಿಡಿಯುವ ಶಕ್ತಿಯಿದೆ. ಆರು ಜನ ಕೊಯ್ದರೆ ಕಣಕ್ಕೂ ಕೊಯ್ಲಿಗೂ ಹೊಂದಿಕೆ. ಆದರೆ ಗುಂಪು ಬರುವುದು ಹತ್ತೇ ಜನ, ಆರಕ್ಕೆ ಬರುವುದಿಲ್ಲ. ಅಲ್ಲಿಗೆ ನನ್ನ ವರದಿ ನಿಂತಿತ್ತು.

ಮುಂದಿನ ಡಿಸೆಂಬರಿನಲ್ಲಿ ದೊಡ್ಡಪ್ಪನ ಫೋನ್ ಬಂತು. "ನಿನ್ನ ಲೆಕ್ಕದಲ್ಲಿ ದಿನಕ್ಕೆ ಎಷ್ಟ್ ಕೆಜಿ ಅಂದಿದ್ದೆ?" ಐನೂರು ಅಂದೆ. ಪಕ್ಕದ ತೋಟದವರ ಕಣವೂ ಇಷ್ಟೇ ಅಗಲ, ಅವರದೂ ಇದೇ ಗೋಳು. ಇಬ್ಬರೂ ಮಾತಾಡಿಕೊಂಡು ಗುಂಪನ್ನು ಹಂಚಿಕೊಂಡಿದ್ದರು, ಒಂದು ದಿನ ಇಲ್ಲಿ, ಒಂದು ದಿನ ಅಲ್ಲಿ. "ಈ ಸಲ ಗೇಣುದ್ದ ಹರಡಿಲ್ಲ. ಮೂಟೆಗೆ ಕಟ್ಟೋಕೆ ದಾರ ತರ್ತೀಯಾ, ಇಲ್ಲೇ ಕೊಳ್ಳಲಾ?"